ವಾಲ್ಯೂಮ್ ಎದ್ದಾಗ ನಾನು ಮೊದಲು ನೋಡುವ ಕಾಲಂ

ಯಾವುದಾದರೂ ಶೇರಿನ ವಾಲ್ಯೂಮ್, ಅಂದರೆ ಆ ದಿನದ ವಹಿವಾಟು, ಹತ್ತು ಪಟ್ಟು ಆದ ದಿನ ಅಣ್ಣನ ಮಗನ ಫೋನ್ ಬಂದೇ ಬರುತ್ತದೆ. "ಕಾಕಾ, ಯಾರೋ ದೊಡ್ಡವರು ತಗೊಳ್ಳಾಕತ್ತಾರ. ನಾವೂ ತಗೊಳ್ಳೋಣೇನು?" ನನ್ನ ಉತ್ತರ ಯಾವಾಗಲೂ ಒಂದೇ: "ಸಂಜೀ ತನಕ ತಡೀಪಾ, ಫೈಲ್ ಬರ್ಲಿ."

ಮಾರ್ಕೆಟ್ ಮುಗಿದ ಮೇಲೆ ಎನ್‌ಎಸ್‌ಇ ದಿನಾ ಒಂದು ಫೈಲ್ ಹಾಕುತ್ತದೆ. ಹೆಸರು `sec_bhavdata_full`, ಅದರ ಮುಂದೆ ತಾರೀಖು. ಹುಬ್ಬಳ್ಳಿ ದಾಜಿಬಾನ ಪೇಟೆಯ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದ ಮೇಲೆ ಅದನ್ನು ಎಕ್ಸೆಲ್‌ನಲ್ಲಿ ತೆಗೆಯುತ್ತೇನೆ. ಕೊನೆಯ ಎರಡು ಕಾಲಂ `DELIV_QTY` ಮತ್ತು `DELIV_PER`. ಎಲ್ಲರೂ ಎರಡನೆಯದನ್ನು, ಅಂದರೆ ಪರ್ಸೆಂಟೇಜನ್ನು ನೋಡುತ್ತಾರೆ. ನಾನು ಮೊದಲನೆಯದನ್ನು ನೋಡುತ್ತೇನೆ.

ಬ್ಯಾಡಗಿ ಮಾರ್ಕೆಟ್‌ನಲ್ಲಿ ಒಂದೇ ಮೆಣಸಿನಕಾಯಿ ಲಾಟ್ ಒಂದೇ ದಿನ ಮೂರು ಕೈ ಬದಲಾದರೂ, ಕೋಲ್ಡ್ ಸ್ಟೋರೇಜಿಗೆ ಹೋಗುವ ಚೀಲ ಅಷ್ಟೇ ಅಲ್ವಾ? ಡೆಲಿವರಿ ಕ್ವಾಂಟಿಟಿ ಆ ಚೀಲದ ಲೆಕ್ಕ, ಅಂದರೆ ಕೊಂಡವರ ಖಾತೆಗೆ ನಿಜವಾಗಿ ಹೋದ ಶೇರು. ಅವತ್ತೇ ಕೊಂಡು ಅವತ್ತೇ ಮಾರಿದ್ದು ಇದರಲ್ಲಿ ಬರುವುದಿಲ್ಲ. ಒಟ್ಟು ವಾಲ್ಯೂಮಿನಲ್ಲಿ ಅದರ ಪರ್ಸೆಂಟೇಜ್ ಮಾತ್ರ ಇಂಥ ಗದ್ದಲ ಹೆಚ್ಚಾದಂತೆ ತಾನಾಗೇ ಇಳಿಯುತ್ತದೆ.

ಒಂದೇ ತಿಂಗಳಲ್ಲಿ ನೋಡಿದ ಎರಡು ಶೇರು ಹೇಳುತ್ತೇನೆ. ಹೆಸರು ಬೇಡ, ಅಂಕಿಗಳನ್ನು ರೌಂಡ್ ಮಾಡಿದ್ದೇನೆ.

ಮೊದಲನೆಯದರಲ್ಲಿ ದಿನಾ 4 ಲಕ್ಷ ಶೇರು ವಹಿವಾಟು, 1.8 ಲಕ್ಷ ಡೆಲಿವರಿ. ಒಂದು ದಿನ ವಾಲ್ಯೂಮ್ 40 ಲಕ್ಷ ಮುಟ್ಟಿತು. ಡೆಲಿವರಿ ಬರೀ 12%. ಆದರೆ ಲೆಕ್ಕ ಹಾಕಿದರೆ ಅದು 4.8 ಲಕ್ಷ, ಮಾಮೂಲಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಹಾಗಾಗಿ ಪರ್ಸೆಂಟೇಜ್ ಕಡಿಮೆ ಅಂತ ಅಲ್ಲಿಗೇ ಬಿಡುವ ಹಾಗಿರಲಿಲ್ಲ. ರೇಟು ನೋಡಿದೆ. 210ರಿಂದ 238ಕ್ಕೆ ಹೋಗಿ 219ಕ್ಕೆ ಮುಗಿದಿತ್ತು. ಆ ದಿನದ ಸರಾಸರಿ ರೇಟು, ಅಂದರೆ `AVG_PRICE`, 226. ಅವತ್ತು ಕೊಂಡು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಸಂಜೆಗಾಗಲೇ ಲಾಸ್‌ನಲ್ಲಿದ್ದರು. ಬಲ್ಕ್ ಡೀಲ್ ಪಟ್ಟಿಯಲ್ಲಿ ಒಂದೇ ಸಂಸ್ಥೆ ಕೊಂಡಿದ್ದೂ ಮಾರಿದ್ದೂ ಹೆಚ್ಚುಕಮ್ಮಿ ಒಂದೇ ಸಂಖ್ಯೆ. ಕಂಪನಿಯ ಒಟ್ಟು ಶೇರಿನಲ್ಲಿ ಅರ್ಧ ಪರ್ಸೆಂಟ್ ದಾಟಿದ ವಹಿವಾಟು ಅಲ್ಲಿ ಹೆಸರಿನ ಸಮೇತ ಬರುತ್ತದೆ. ದೊಡ್ಡ ಹೆಸರು ಕಂಡು ಖುಷಿಪಡುವ ಮೊದಲು ಅದೇ ಹೆಸರು ಮಾರಾಟದ ಸಾಲಿನಲ್ಲೂ ಇದೆಯಾ ಅಂತ ನೋಡಬೇಕು.

ಮರುದಿನ ವಾಲ್ಯೂಮ್ 15 ಲಕ್ಷ, ಡೆಲಿವರಿ 4.5 ಲಕ್ಷ. ಪರ್ಸೆಂಟೇಜ್ 12ರಿಂದ 30ಕ್ಕೆ ಏರಿತ್ತು! ಹುಡುಗ ಮತ್ತೆ ಫೋನ್ ಮಾಡಿದ. ರೇಟು ಮಾತ್ರ 208ಕ್ಕೆ ಬಿದ್ದಿತ್ತು. ಇವತ್ತು ಕೊಂಡು ನಾಳೆ ಮಾರುವ ಬಿಟಿಎಸ್‌ಟಿಯವರ ವಹಿವಾಟೂ ಡೆಲಿವರಿಯಲ್ಲೇ ಸೇರುತ್ತದೆ. ಅವರು ಕೊಂಡ ದಿನ ಒಮ್ಮೆ, ಮಾರಿದ ದಿನ ಇನ್ನೊಮ್ಮೆ. ನಿನ್ನೆ ಸಿಕ್ಕಿಬಿದ್ದವರು ಇವತ್ತು ಹೊರಗೆ ಬಂದಿದ್ದರು ಅಂತ ನಾನು ಓದಿಕೊಂಡೆ. ಮೂರನೇ ದಿನ ಡೆಲಿವರಿ 2 ಲಕ್ಷಕ್ಕೆ ಇಳಿದು ಎಲ್ಲಾ ತಣ್ಣಗಾಯಿತು.

ಎರಡನೆಯ ಶೇರಿನ ಬಗ್ಗೆ ಯಾರೂ ಫೋನ್ ಮಾಡಲಿಲ್ಲ. ಮಾಮೂಲಿ ವಾಲ್ಯೂಮ್ 3 ಲಕ್ಷ, ಡೆಲಿವರಿ 1.2 ಲಕ್ಷ. ಒಂದು ದಿನ 9 ಲಕ್ಷ ಆಯಿತು, ಅದರಲ್ಲಿ ಡೆಲಿವರಿ 5.2 ಲಕ್ಷ. 335ರಿಂದ 342ಕ್ಕೆ ಮುಗಿಯಿತು, ಸರಾಸರಿಗಿಂತ ಸ್ವಲ್ಪ ಮೇಲೆ. ಬಲ್ಕ್, ಬ್ಲಾಕ್ ಡೀಲ್ ಎರಡರಲ್ಲೂ ಹೆಸರಿಲ್ಲ. ಬ್ಲಾಕ್ ಡೀಲ್ ಇದ್ದಿದ್ದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಂದೇ ಏಟಿಗೆ ಹೋದದ್ದು ಅಂತ ಪಕ್ಕಕ್ಕೆ ಇಡುತ್ತಿದ್ದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಎಂಟು ದಿನ. ವಾಲ್ಯೂಮ್ ನಾಲ್ಕೈದು ಲಕ್ಷಕ್ಕೆ ಇಳಿದರೂ ಡೆಲಿವರಿ 2.4 ಲಕ್ಷಕ್ಕಿಂತ ಕೆಳಗೆ ಬರಲೇ ಇಲ್ಲ, ರೇಟು 336ರಿಂದ 348ರ ಒಳಗೇ ಇತ್ತು. ಮಾರುವವರು ಇದ್ದರು, ಆದರೂ ರೇಟು ಬೀಳಲಿಲ್ಲ. ಇದನ್ನು ಹಿಡಿಯಲು ಒಂದೇ ಶೇರಿನ ಸಾಲುಗಳನ್ನು ಹೊಸದು ಮೇಲೆ ಬರುವಂತೆ ಜೋಡಿಸಿ, ಹಿಂದಿನ ಇಪ್ಪತ್ತು ದಿನದ ಸರಾಸರಿಗೆ ಹೋಲಿಸುತ್ತೇನೆ:

```
=N2/AVERAGE(N3:N22)
```

`N` ಅಂದರೆ `DELIV_QTY`. ಉತ್ತರ ಒಂದು ದಿನ 4 ಬಂದರೆ ಸುಮ್ನೆ ನೋಡುತ್ತೇನೆ. ವಾರ ಪೂರ್ತಿ ಒಂದೂವರೆ ಮೇಲೆಯೇ ಇದ್ದರೆ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ.

ತೀರಾ ಸಣ್ಣ ಕಂಪನಿಗಳಿಗೆ ಈ ಲೆಕ್ಕ ಹಚ್ಚುವುದಿಲ್ಲ. ಅಲ್ಲಿ ಒಂದೇ ಗುಂಪಿನವರು ತಮ್ಮದೇ ಎರಡು ಖಾತೆಗಳ ನಡುವೆ ಶೇರು ಓಡಾಡಿಸಿದರೂ ಅದು ಡೆಲಿವರಿಯೇ. `SERIES` ಕಾಲಂನಲ್ಲಿ `BE` ಇದ್ದರಂತೂ ಇಂಟ್ರಾಡೇಗೆ ಅವಕಾಶವೇ ಇಲ್ಲ, ಹೋಲಿಸಲು ಏನೂ ಉಳಿಯುವುದಿಲ್ಲ.

ತ್ರೈಮಾಸಿಕ ಮುಗಿದು ಶೇರ್‌ಹೋಲ್ಡಿಂಗ್ ಪಟ್ಟಿ ಬಂದಾಗ ಎರಡನೆಯದನ್ನು ಮತ್ತೆ ತೆಗೆದೆ. ಕಂಪನಿಯ ಒಟ್ಟು ಶೇರು 6 ಕೋಟಿ. ಆ ಒಂಬತ್ತು ದಿನದಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಡೆಲಿವರಿ ಆಗಿದ್ದು ಸುಮಾರು 15 ಲಕ್ಷ, ಅಂದರೆ 2.5%. ಮ್ಯೂಚುವಲ್ ಫಂಡ್‌ಗಳ ಪಾಲು ಹೆಚ್ಚಾಗಿದ್ದು 0.9%. ಉಳಿದದ್ದರಲ್ಲಿ ಒಂದಷ್ಟು ಅದದೇ ಶೇರು ಎರಡು ಸಲ ಕೈ ಬದಲಾದದ್ದು ಇರಬಹುದು, ಒಂದಷ್ಟು ನಮ್ಮಂಥವರ ಖಾತೆಗೆ ಹೋಗಿರಬಹುದು. ಅದನ್ನು ಈ ಫೈಲ್ ಹೇಳುವುದಿಲ್ಲ.