80 ಪೀರಿಯಡ್ ಕೈಗೆ ಬರುವಾಗ 44: ಒಂದು ಟರ್ಮಿನ ಪಾಠ ಯೋಜನೆ

ಶಾಲೆಯ ಟರ್ಮ್ ಶುರುವಾಗುವಾಗ ಹೆಚ್ಚಿನವರು ವಾರಗಳನ್ನು ಲೆಕ್ಕ ಹಾಕುತ್ತಾರೆ. ಹದಿನಾರು ವಾರ, ಆರು ಪಾಠ, ಆರಾಮಾಗಿ ಮುಗಿಯುತ್ತೆ ಅನಿಸುತ್ತದೆ. ಆದರೆ ಪಾಠ ನಡೆಯುವುದು ಪೀರಿಯಡ್‌ಗಳಲ್ಲಿ, ಹಾಗಾಗಿ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಎಂಟನೇ ತರಗತಿಯ ಗಣಿತವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವಾರಕ್ಕೆ 5 ಪೀರಿಯಡ್: ಸೋಮವಾರ ಎರಡು, ಮಂಗಳ, ಗುರು, ಶುಕ್ರವಾರ ಒಂದೊಂದು, ಬುಧವಾರ ಇಲ್ಲ. 16 ವಾರಕ್ಕೆ ಒಟ್ಟು 80.

ಮೊದಲು ಕಳೆಯಿರಿ

ರಜೆಯ ಪಟ್ಟಿಯನ್ನು ನಿಮ್ಮ ಟೈಮ್‌ಟೇಬಲ್ ಪಕ್ಕದಲ್ಲಿಟ್ಟು ನೋಡಿ. ಬಿಡಿ ರಜೆ ಆರು ಇವೆ ಎಂದುಕೊಳ್ಳಿ. ಅದರಲ್ಲಿ ಮೂರು ಸೋಮವಾರ ಬಂದರೆ ಆರು ಪೀರಿಯಡ್ ಹೋಯಿತು. ಮಂಗಳವಾರ ಮತ್ತು ಶುಕ್ರವಾರದ ರಜೆಗೆ ಒಂದೊಂದು. ಬುಧವಾರದ ರಜೆಯಿಂದ ಈ ವಿಷಯಕ್ಕೆ ನಷ್ಟವೇ ಇಲ್ಲ. ಒಟ್ಟು 8 ಹೋಗಿ 72 ಉಳಿಯಿತು. ಅದೇ ತರಗತಿಗೆ ಬೇರೆ ವಿಷಯ ಹೇಳುವವರ ಲೆಕ್ಕ ಬೇರೆಯೇ ಇರುತ್ತದೆ. ಅದಕ್ಕೇ ಇನ್ನೊಬ್ಬರ ಯೋಜನೆ ನಕಲು ಮಾಡಿದರೆ ಕೆಲಸಕ್ಕೆ ಬರುವುದಿಲ್ಲ.

ಎಂಟನೇ ವಾರ ಪೂರ್ತಿ ಮಧ್ಯಂತರ ರಜೆ, ಅಲ್ಲಿ 5. ಕ್ರೀಡಾಕೂಟ, ಅದರ ಪ್ರಾಕ್ಟೀಸು ಅಂತ 4. ಕಿರುಪರೀಕ್ಷೆ ಎರಡು. ಒಂದೊಂದಕ್ಕೂ ಎರಡು ಪೀರಿಯಡ್ ಇಡಿ: ಬರೆಸುವುದಕ್ಕೆ ಒಂದು, ಪೇಪರ್ ಕೊಟ್ಟು ತಪ್ಪು ಚರ್ಚಿಸುವುದಕ್ಕೆ ಇನ್ನೊಂದು. ಎರಡನೆಯದನ್ನು ಯಾರೂ ಬರೆದಿಡುವುದಿಲ್ಲ, ಆಮೇಲೆ ಅದನ್ನು ಹತ್ತೇ ನಿಮಿಷದಲ್ಲಿ ಮುಗಿಸುತ್ತಾರೆ. ಕೊನೆಯ ವಾರ ಪರೀಕ್ಷೆ, ಅದರ ಹಿಂದಿನ ವಾರ ರಿವಿಷನ್. ಇಷ್ಟೆಲ್ಲ ಕಳೆದರೆ 49.

ಇದರಲ್ಲಿ ಹತ್ತರಲ್ಲಿ ಒಂದು ಪಾಲು, ಅಂದರೆ 5 ಪೀರಿಯಡನ್ನು ಖಾಲಿ ಬಿಡಿ. ಮಳೆಗೆ ದಿಢೀರ್ ರಜೆ, ನಿಮಗೇ ಜ್ವರ, ಒಂದು ಪಾಠ ಮಕ್ಕಳಿಗೆ ಹತ್ತದೇ ಹೋಗುವುದು, ಎಲ್ಲದಕ್ಕೂ ಇದೇ ಆಸರೆ. ಕಲಿಸಲು ಉಳಿದದ್ದು 44.

ಪಾಠಗಳನ್ನು ಕೂರಿಸುವುದು

ಪುಟ ಎಣಿಸಿ ಹಂಚಬೇಡಿ. ಮಕ್ಕಳು ಎಲ್ಲಿ ತಡವರಿಸುತ್ತಾರೆ ಎನ್ನುವುದು ನಿಮಗೆ ಗೊತ್ತಲ್ವಾ, ಅದನ್ನು ನೋಡಿ ಹಂಚಿ. ಇಲ್ಲಿ ಭಾಗಲಬ್ಧ ಸಂಖ್ಯೆಗಳಿಗೆ 6, ರೇಖಾತ್ಮಕ ಸಮೀಕರಣಕ್ಕೆ 10, ಚತುರ್ಭುಜಕ್ಕೆ 8, ಅಪವರ್ತನಕ್ಕೆ 10, ಕ್ಷೇತ್ರಗಣಿತಕ್ಕೆ 6, ನಕ್ಷೆಗೆ 4.

ಈಗ ಮಧ್ಯಂತರ ರಜೆಯ ಗೆರೆ ಎಳೆಯಿರಿ. ಮೊದಲ ಏಳು ವಾರಕ್ಕೆ 35 ಪೀರಿಯಡ್. ಬಿಡಿ ರಜೆಗೆ 3, ಮೊದಲ ಕಿರುಪರೀಕ್ಷೆಗೆ 2, ಖಾಲಿ 2 ಬಿಟ್ಟರೆ 28 ಸಿಗುತ್ತದೆ. ಮೊದಲ ಮೂರು ಪಾಠ 24ಕ್ಕೆ ಮುಗಿದು ನಾಲ್ಕು ಉಳಿಯಿತು. ಮೇಲಿನ ಕ್ರಮದಲ್ಲಿ ಮುಂದಿನದು ಅಪವರ್ತನ. ಶುರು ಮಾಡಿದರೆ ನಾಲ್ಕು ಪೀರಿಯಡ್ ರಜೆಗೆ ಮೊದಲು, ಆರು ಆಮೇಲೆ. ರಜೆ ಮುಗಿಸಿ ಬಂದ ಮಕ್ಕಳಿಗೆ ಆ ನಾಲ್ಕರಲ್ಲಿ ಹೆಚ್ಚಿನದು ಮರೆತಿರುತ್ತದೆ, ಮತ್ತೆ ಮೊದಲಿಂದ ಹೇಳಬೇಕು. ಅದರ ಬದಲು ನಕ್ಷೆಯ ಪಾಠ ಮುಂದಕ್ಕೆ ತನ್ನಿ. ಅದಕ್ಕೆ ಅಪವರ್ತನ ಬೇಕಿಲ್ಲ, ನಾಲ್ಕರಲ್ಲಿ ಸರಿಯಾಗಿ ಕೂರುತ್ತದೆ. ಕ್ರಮ ಬದಲಿಸುವ ಮುನ್ನ ನೋಡಬೇಕಾದ್ದು ಒಂದೇ: ಈ ಪಾಠ ಇನ್ನೂ ಕಲಿಸದ ಯಾವುದರ ಮೇಲಾದರೂ ನಿಂತಿದೆಯಾ?

ರಜೆಯ ನಂತರದ ಆರು ವಾರಕ್ಕೆ 30. ಬಿಡಿ ರಜೆಗೆ 5, ಕ್ರೀಡೆಗೆ 4, ಟೆಸ್ಟಿಗೆ 2, ಖಾಲಿ 3 ಕಳೆದರೆ 16. ಅಪವರ್ತನ, ಕ್ಷೇತ್ರಗಣಿತ ಎರಡೂ ಅಲ್ಲಿಗೆ ಸರಿಹೋಗುತ್ತವೆ. ಖಾಲಿ ಮೂರರಲ್ಲಿ ಒಂದನ್ನು ರಜೆ ಮುಗಿದ ಮೊದಲ ದಿನಕ್ಕೇ ಕೊಡಿ. ಬೀಜೋಕ್ತಿಗಳ ಗುಣಾಕಾರ ನೆನಪಿಸಿ. ಅದು ನೆನಪಿಲ್ಲದೆ ಅಪವರ್ತನ ತಲೆಗೆ ಹೋಗುವುದಿಲ್ಲ.

ಹಿಂದೆ ಬಿದ್ದರೆ

ಪ್ರತಿ ಪಾಠದ ಎದುರು ಮುಗಿಯಬೇಕಾದ ತಾರೀಖು, ಮುಗಿದ ತಾರೀಖು ಎರಡನ್ನೂ ಬರೆಯಿರಿ. ಒಂದೆರಡು ಪೀರಿಯಡ್ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಖಾಲಿ ಇಟ್ಟದ್ದನ್ನೂ ಮೀರಿದರೆ ಅಭ್ಯಾಸದ ಲೆಕ್ಕಗಳನ್ನು ಕಡಿಮೆ ಮಾಡಿ. ಒಂದೇ ತರಹದ ಹನ್ನೆರಡು ಲೆಕ್ಕ ಬೋರ್ಡಿನ ಮೇಲೆ ಬಿಡಿಸುವ ಬದಲು ಬೇರೆಬೇರೆ ತರಹದ ಐದು ಸಾಕು. ವಿವರಣೆಗೆ ಮಾತ್ರ ಕತ್ತರಿ ಹಾಕಬೇಡಿ. ರಿವಿಷನ್ ವಾರವನ್ನು ನುಂಗುವುದಂತೂ ಬೇಡವೇ ಬೇಡ. ಹಾಗೆ ಮಾಡಿದರೆ ಸಿಲಬಸ್ ಮುಗಿಯಿತು ಎಂದು ಡೈರಿಯಲ್ಲಿ ಬರೆಯಬಹುದು, ಅಷ್ಟೇ.

ರಿವಿಷನ್ ವಾರದ ಐದು

ಆರು ಪಾಠವನ್ನು ಐದು ಪೀರಿಯಡ್‌ನಲ್ಲಿ ಓಡಿಸುವುದು ರಿವಿಷನ್ ಅಲ್ಲ, ಸುಮ್ನೆ ಸುಸ್ತು. ಕಿರುಪರೀಕ್ಷೆ ತಿದ್ದುವಾಗಲೇ ಯಾವ ತಪ್ಪು ಎಷ್ಟು ಮಕ್ಕಳದ್ದು ಎಂದು ಒಂದು ಹಾಳೆಯಲ್ಲಿ ಗೀಟು ಹಾಕಿಡಿ. ನಲವತ್ತರಲ್ಲಿ ಹದಿನೇಳು ಮಕ್ಕಳು 3x − 5 = 10 ಅನ್ನು 3x = 10 − 5 ಮಾಡಿದ್ದರೆ ಒಂದು ಪೀರಿಯಡ್ ಆ ಚಿಹ್ನೆಯ ತಪ್ಪಿಗೇ ಹೋಗಲಿ. ಹೀಗೆ ಮೂರು ಪೀರಿಯಡ್ ದೊಡ್ಡ ತಪ್ಪುಗಳಿಗೆ. ನಾಲ್ಕನೆಯದರಲ್ಲಿ ಎಲ್ಲ ಪಾಠ ಬೆರೆಸಿದ ಪ್ರಶ್ನೆಗಳನ್ನು ಮಕ್ಕಳೇ ಬರೆಯಲಿ, ಪರೀಕ್ಷೆಯಲ್ಲಿ ಯಾವ ಪಾಠದ್ದು ಎಂದು ಯಾರೂ ಹೇಳುವುದಿಲ್ಲವಲ್ಲ. ಐದನೆಯದು ಅವರು ಕೇಳಿದ ಡೌಟುಗಳಿಗೆ. ಡೌಟುಗಳನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆಸಿಕೊಂಡರೆ ಬಾಯಿ ಬಿಡದ ಮಕ್ಕಳದ್ದೂ ಸಿಗುತ್ತದೆ.