ನಿನ್ನೆಯ ಮದ್ದೂರು ವಡೆ ಮತ್ತೆ ಗರಿಗರಿಯಾಗುವುದು ಹೇಗೆ?

ದಾರಿಯಲ್ಲಿ ಕಟ್ಟಿಸಿಕೊಂಡು ತಂದ ಮದ್ದೂರು ವಡೆ ಮರುದಿನ ಬೆಳಿಗ್ಗೆ ಮುರಿಯಲು ಹೋದರೆ ಮುರಿಯದೆ ಬಾಗುತ್ತದೆ. ಒಳಗಿನ ಈರುಳ್ಳಿಯ ತೇವವು ರಾತ್ರಿಯಿಡೀ ಮೇಲಿನ ಒಣ ಪದರಕ್ಕೆ ಹರಿದು, ಅಲ್ಲಿನ ರವೆ ಮತ್ತು ಅಕ್ಕಿಹಿಟ್ಟನ್ನು ನೆನೆಸಿರುವುದೇ ಇದಕ್ಕೆ ಕಾರಣ. ಆದ್ದರಿಂದ ವಡೆಯನ್ನು ಬಿಸಿ ಮಾಡಿದರಷ್ಟೇ ಸಾಲದು, ಆ ತೇವ ಹೊರಗೆ ಹೋಗಬೇಕು.

ಫ್ರಿಜ್‌ನಲ್ಲಿಟ್ಟಿದ್ದ ವಡೆಯನ್ನು ಹದಿನೈದು ನಿಮಿಷ ಮೊದಲೇ ಹೊರಗಿಡಿ. ದೋಸೆ ಹುಯ್ಯುವ ದಪ್ಪ ಕಬ್ಬಿಣದ ಕಾವಲಿಯನ್ನು ಕಾಯಿಸಿ, ಒಂದು ಹನಿ ನೀರು ಬಿದ್ದೊಡನೆ ಚುಂಯ್ ಎಂದು ಆರಿಹೋಗುವಂತಾದಾಗ ಉರಿಯನ್ನು ಸಣ್ಣಗೆ ಮಾಡಿ. ವಡೆಯಲ್ಲೇ ಸಾಕಷ್ಟು ಎಣ್ಣೆ ಇರುವುದರಿಂದ ಮತ್ತೆ ಎಣ್ಣೆ ಹಾಕಬೇಡಿ. ವಡೆಗಳು ಒಂದಕ್ಕೊಂದು ತಾಗದಂತೆ ಹರಡಿ, ಒಂದೊಂದು ಬದಿಗೂ ಮೂರು ನಿಮಿಷ ಕೊಡಿ. ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಹೆಚ್ಚು ನೆರವಾಗುತ್ತದೆ, ಏಕೆಂದರೆ ತೇವ ಹೋಗುತ್ತಿರುವಷ್ಟು ಹೊತ್ತು ಕೇಳುವ ಸಣ್ಣ ಚಿಟಪಟ ಸದ್ದು ಅಡಗಿದಾಗ ಮಗುಚುವ ಸಮಯವಾಗಿರುತ್ತದೆ. ಅದಕ್ಕೆ ಮೊದಲೇ ಈರುಳ್ಳಿ ಕಪ್ಪಾಗತೊಡಗಿದರೆ ಉರಿ ಹೆಚ್ಚಾಗಿದೆ ಎಂದರ್ಥ.

ಕಾವಲಿಯಿಂದ ತೆಗೆದ ವಡೆ ಇನ್ನೂ ಮೆತ್ತಗಿದೆ ಎನಿಸಿದರೆ ಗಾಬರಿಯಾಗಬೇಕಿಲ್ಲ. ಪದರ ಬಿಗಿಯಾಗುವುದು ಆರುವಾಗ. ತಟ್ಟೆಯಲ್ಲಿ ಹಾಕಿದರೆ ತಳದಲ್ಲಿ ಹಬೆ ಬೆವೆತು ಮಾಡಿದ್ದೆಲ್ಲ ವ್ಯರ್ಥವಾಗುವುದರಿಂದ ತಂತಿಯ ಜಾಲರಿಯ ಮೇಲೆ ಎರಡು ನಿಮಿಷ ಬಿಟ್ಟು, ಉಗುರಿನಿಂದ ತಟ್ಟಿ ನೋಡಿ. ಟಕ್ ಎಂದು ಸದ್ದಾಗಬೇಕು.

ಏಳೆಂಟು ವಡೆಗಳಿದ್ದರೆ ಓವನ್ ಲೇಸು. ಅದನ್ನು 180 ಡಿಗ್ರಿಗೆ ಮೊದಲೇ ಕಾಯಿಸಿಟ್ಟು, ವಡೆಗಳನ್ನು ಜಾಲರಿಯ ಮೇಲೆ ಎಂಟು ಹತ್ತು ನಿಮಿಷ ಇಟ್ಟು, ನಡುವೆ ಒಮ್ಮೆ ತಿರುವಿದರಾಯಿತು. ಚಪ್ಪಟೆಯಲ್ಲದ ಉದ್ದಿನ ವಡೆ, ಪಕೋಡಗಳಿಗೂ ಓವನ್ನೇ ಸರಿ, ಏಕೆಂದರೆ ಅವುಗಳ ಮೈಯೆಲ್ಲ ಕಾವಲಿಗೆ ತಾಗುವುದಿಲ್ಲ.

ಎಂದಿಗೂ ಫಲ ಕೊಡದ ದಾರಿ ಮೈಕ್ರೋವೇವ್. ಅದು ಒಳಗಿನ ನೀರನ್ನೇ ಮೊದಲು ಕಾಯಿಸಿ ಹಬೆಯನ್ನು ಪದರದೊಳಕ್ಕೆ ನುಗ್ಗಿಸುತ್ತದೆ, ಆದರೆ ಸುತ್ತಲಿನ ಗಾಳಿ ತಣ್ಣಗೇ ಇರುವುದರಿಂದ ಹೊರಮೈ ಒಣಗುವುದಿಲ್ಲ. ವಡೆ ಮೊದಲು ಒದ್ದೆಯಾಗಿ, ಆರಿದ ಮೇಲೆ ರಬ್ಬರಿನಂತಾಗುತ್ತದೆ. ಬೇಗ ಬಿಸಿಯಾಗಲೆಂದು ಕಾವಲಿಯ ಮೇಲೆ ಮುಚ್ಚಳ ಮುಚ್ಚುವುದೂ ಇದೇ ತಪ್ಪು. ಮತ್ತೆ ಎಣ್ಣೆಗೆ ಬಿಟ್ಟರೆ ಗರಿಗರಿಯೇನೋ ಆಗುತ್ತದೆ, ಆದರೆ ವಡೆ ಇನ್ನಷ್ಟು ಎಣ್ಣೆ ಹೀರಿ ಬಾಯಿಗೆ ಜಿಡ್ಡು ಹತ್ತುತ್ತದೆ.

ಮೆಣಸಿನಕಾಯಿ ಬಜ್ಜಿಗೆ ಮಾತ್ರ ಇಷ್ಟು ಶ್ರಮ ಬೇಡವೆಂಬುದು ನನ್ನ ಅಭಿಪ್ರಾಯ. ಓವನ್‌ನಲ್ಲಿ ಅದರ ಹಿಟ್ಟಿನ ಹೊದಿಕೆ ಗರಿಯಾದರೂ ಒಳಗಿನ ಕಾಯಿ ನೀರು ಬಿಡುತ್ತಲೇ ಇರುವುದರಿಂದ, ಕಾಫಿ ಸೋಸಿ ತರುವಷ್ಟರಲ್ಲಿ ಅದು ಮತ್ತೆ ಮೆತ್ತಗಾಗಿರುತ್ತದೆ.