ಸನ್ನೆ ಭಾಷೆಯವರಿಗೆ ಪರದೆಯಲ್ಲಿ ಜಾಗ, ಮಾತಿನಲ್ಲಿ ಬಿಡುವು ಕೊಡುವುದು ಹೇಗೆ?

ವಿಡಿಯೋ ಪೂರ್ತಿ ಎಡಿಟ್ ಆಗಿರುತ್ತದೆ. ಆಗ ಯಾರೋ ಬಂದು, "ಮೂಲೆಯಲ್ಲಿ ಒಬ್ಬ ಇಂಟರ್‌ಪ್ರಿಟರ್ ಹಾಕಿಬಿಡಿ ಸಾರ್, ಮುಗೀತು" ಅನ್ನುತ್ತಾರೆ. ಎಡಿಟರ್ ಚಾನೆಲ್ ಲೋಗೋ ಕೆಳಗೆ ಬೆರಳುದ್ದದ ಒಂದು ವೃತ್ತ ಕೊರೆದು ಅದರಲ್ಲಿ ಅವರನ್ನು ಕೂರಿಸುತ್ತಾನೆ. ಕೈ ಅಗಲಿಸಿದರೆ ಮೊಣಕೈ ಮಾಯ, ಸ್ಕ್ರಾಲ್ ಬಂದರೆ ಬೆರಳೂ ಮಾಯ. ಇಂಥ ವಿಡಿಯೋಗಳನ್ನು ರಿಪೇರಿ ಮಾಡಿ ಮಾಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಜಾಗ

ಬ್ರಿಟನ್ನಿನಲ್ಲಿ ಟಿವಿ ಪ್ರಸಾರ ನೋಡಿಕೊಳ್ಳುವ ಆಫ್‌ಕಾಮ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಒಂದು ಅಳತೆ ಇದೆ: ಇಂಟರ್‌ಪ್ರಿಟರ್ ಇರುವ ಭಾಗ ಪರದೆಯ ಆರನೇ ಒಂದು ಭಾಗಕ್ಕಿಂತ ಚಿಕ್ಕದಿರಬಾರದು. 1920×1080 ಪರದೆಯಲ್ಲಿ ಇದು ಸುಲಭ. ಮೂಲ ಚಿತ್ರವನ್ನು 75%ಗೆ ಇಳಿಸಿ ಎಡಗಡೆ ಮೇಲಕ್ಕೆ ಸರಿಸಿ. ಅದು 1440×810 ಆಗುತ್ತದೆ. ಬಲಗಡೆ 480 ಅಗಲದ ಪಟ್ಟಿ ಉಳಿಯುತ್ತದೆ. ಅದರಲ್ಲಿ 720 ಎತ್ತರ ಬಳಸಿದರೂ ಸರಿಯಾಗಿ ಆರನೇ ಒಂದು ಭಾಗ. ನಾನು ಇಡೀ 1080 ಎತ್ತರವನ್ನೂ ಇಂಟರ್‌ಪ್ರಿಟರ್‌ಗೇ ಬಿಡುತ್ತೇನೆ. ಚಿತ್ರದ ಕೆಳಗೆ ಉಳಿಯುವ ಜಾಗ ಸಬ್‌ಟೈಟಲ್‌ಗೆ.

ಸುತ್ತ ಡಬ್ಬಿ ಹಾಕಬೇಡಿ. ಹಿನ್ನೆಲೆ ತೆಗೆದು ಹಾಗೇ ನಿಲ್ಲಿಸಿ. ಮೊಣಕೈ ಒಂದಿಷ್ಟು ಚಿತ್ರದ ಮೇಲೆ ಬಂದರೆ ಬರಲಿ. ಚಿತ್ರದ ಬಲ ಅಂಚಿನಲ್ಲಿ ಮುಖ್ಯವಾದದ್ದೇನೂ ಇಲ್ಲದಂತೆ ನೋಡಿಕೊಂಡರೆ ಸಾಕು.

2. ಸ್ಕ್ರಿಪ್ಟ್: ಎಲ್ಲರೂ ಎಡವುವುದು ಇಲ್ಲೇ

ನಾವು ಮಾತನ್ನು ಕಿವಿಯಲ್ಲಿ, ಚಿತ್ರವನ್ನು ಕಣ್ಣಲ್ಲಿ ಒಟ್ಟಿಗೇ ತೆಗೆದುಕೊಳ್ಳುತ್ತೇವೆ. ಸನ್ನೆ ನೋಡುವವರಿಗೆ ಎರಡಕ್ಕೂ ಇರುವುದು ಕಣ್ಣೊಂದೇ. ಓಆರ್‌ಎಸ್ ತಯಾರಿಸುವ ವಿಡಿಯೋ ಒಂದನ್ನು ಸನ್ನೆ ಭಾಷೆಯ ಟೀಚರ್ ಒಬ್ಬರಿಗೆ ತೋರಿಸಿದ್ದೆ. ಅವರಿಗೆ ಕಿವಿ ಕೇಳಿಸುವುದಿಲ್ಲ. ನೋಡಿ ಮುಗಿಸಿ, ಒಂದು ಚೀಟಿಯಲ್ಲಿ ಬರೆದುಕೊಟ್ಟರು: "ಕೈ ನೋಡಲಾ, ಪ್ಯಾಕೆಟ್ ನೋಡಲಾ?"

ಆ ಸ್ಕ್ರಿಪ್ಟ್ ಹೀಗಿತ್ತು: "ಒಂದು ಲೀಟರ್ ಕುಡಿಯುವ ನೀರಿಗೆ ಒಂದು ಪ್ಯಾಕೆಟ್ ಪುಡಿಯನ್ನು ಪೂರ್ತಿಯಾಗಿ ಸುರಿದು ಕರಗುವವರೆಗೆ ಕಲಕಿ, ಹೀಗೆ ಸಿದ್ಧವಾದ ದ್ರಾವಣವನ್ನು 24 ಗಂಟೆಗಳ ನಂತರ ಬಳಸಬಾರದು." 12 ಸೆಕೆಂಡು, ಒಂದೇ ಉಸಿರು. ಅಷ್ಟರಲ್ಲೇ ನೀರು ಸುರಿಯುವುದು, ಪುಡಿ ಹಾಕುವುದು, ಕಲಕುವುದು ಎಲ್ಲ ಮುಗಿದಿತ್ತು.

ಇನ್ನೊಂದು ತೊಂದರೆ ನಮ್ಮ ಭಾಷೆಯದೇ. ಕನ್ನಡದಲ್ಲಿ ಬೇಕೋ ಬೇಡವೋ ಅನ್ನುವುದು ವಾಕ್ಯದ ತುದಿಯಲ್ಲಿ ಬರುತ್ತದೆ. "ಬಳಸಬಾರದು" ಕೇಳುವ ತನಕ ಇಂಟರ್‌ಪ್ರಿಟರ್ ಕಾಯಲೇಬೇಕು. ವಾಕ್ಯ ಉದ್ದವಾದಷ್ಟೂ ಅವರು ಹಿಂದೆ ಬೀಳುತ್ತಾರೆ. ಆಮೇಲೆ ಓಡಿಕೊಂಡು ಬರುವಾಗ ಏನಾದರೂ ಬಿಟ್ಟುಹೋಗುತ್ತದೆ.

ಹಾಗಾಗಿ ಒಂದನ್ನೇ ನಾಲ್ಕು ಮಾಡಿದೆವು. "ಒಂದು ಲೀಟರ್ ಕುಡಿಯುವ ನೀರು ತಗೊಳ್ಳಿ. ಒಂದು ಪ್ಯಾಕೆಟ್ ಪುಡಿ ಪೂರ್ತಿ ಹಾಕಿ. ಕರಗುವ ತನಕ ಕಲಕಿ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಿ." ಪ್ರತಿ ವಾಕ್ಯಕ್ಕೂ ಒಂದೇ ಕ್ರಮ: ಮೊದಲು ಮಾತು, ಸುಮಾರು 2 ಸೆಕೆಂಡು. ಸನ್ನೆ ಮುಗಿಯಲು ಇನ್ನೆರಡು ಸೆಕೆಂಡು ಮೌನ. ಅಲ್ಲಿವರೆಗೆ ಚಿತ್ರ ಅಲುಗಾಡುವುದಿಲ್ಲ. ಆಮೇಲೆ ಇಂಟರ್‌ಪ್ರಿಟರ್ ಕೈ ಇಳಿಸಿ ಚಿತ್ರದ ಕಡೆ ತಿರುಗಿ ನೋಡುತ್ತಾರೆ. ನೋಡುವವರ ಕಣ್ಣೂ ಅತ್ತ ಹೋಗುತ್ತದೆ. ಆಗ 3 ಸೆಕೆಂಡು ನೀರು ಸುರಿಯಿರಿ.

12 ಸೆಕೆಂಡಿನದು 28 ಆಯಿತು. "ಒಂದು ನಿಮಿಷ ದಾಟಬಾರದು" ಎಂದು ಮಾಡಿಸಿದವರು ಗಲಾಟೆ ಮಾಡಿದರು. ಮಾತಿನ ವೇಗ ಮುಟ್ಟಲಿಲ್ಲ. ಶುರುವಿನಲ್ಲಿದ್ದ ಡ್ರೋನ್ ಶಾಟ್ ಕಿತ್ತುಹಾಕಿದೆವು. ಅದು ಯಾರಿಗೂ ಬೇಕಿರಲಿಲ್ಲ ಬಿಡಿ.

ಊರಿನ ಹೆಸರುಗಳ ಬಗ್ಗೆಯೂ ಎಚ್ಚರ. ಗೊತ್ತಿರುವ ಸನ್ನೆ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬೆರಳಲ್ಲಿ ತೋರಿಸಬೇಕಾಗುತ್ತದೆ. ಚಿಕ್ಕನಾಯಕನಹಳ್ಳಿಗೆ 19 ಅಕ್ಷರ! ಹೆಸರನ್ನು ಪರದೆಯಲ್ಲೇ ದೊಡ್ಡದಾಗಿ ಬರೆಯಿರಿ. ಇಂಟರ್‌ಪ್ರಿಟರ್ ಅದರತ್ತ ಕೈ ತೋರಿಸಿದರೆ ಆಯಿತು.

3. ಶೂಟಿಂಗ್

ಮೊದಲು ಚಿತ್ರ ಮತ್ತು ಧ್ವನಿಯ ಎಡಿಟ್ ಅಂತಿಮ ಮಾಡಿ, ಅದನ್ನು ಕ್ಯಾಮೆರಾ ಪಕ್ಕದ ಮಾನಿಟರ್‌ನಲ್ಲಿ ಹಾಕಿ ಇಂಟರ್‌ಪ್ರಿಟರ್‌ರನ್ನು ಚಿತ್ರೀಕರಿಸಿ. ಮೈಬಣ್ಣಕ್ಕೆ ಎದ್ದು ಕಾಣುವ, ಪಟ್ಟೆ ಹೂವು ಇಲ್ಲದ ಬಟ್ಟೆ ಇರಲಿ. ಶಟರ್ 1/100ಕ್ಕೆ ಇಡಿ. 1/50ರಲ್ಲಿ ವೇಗವಾಗಿ ಆಡುವ ಬೆರಳು ಮಸುಕಾಗಿ, ಗ್ರೀನ್ ಸ್ಕ್ರೀನ್ ತೆಗೆಯುವಾಗ ಅದರ ತುದಿಯೂ ಹೋಗುತ್ತದೆ. ಅಗ್ಗದ ಗ್ರೀನ್ ಬಟ್ಟೆ ತರಬೇಡಿ. ಅದರ ಸುಕ್ಕು ತೆಗೆಯುವುದರಲ್ಲೇ ಅರ್ಧ ದಿನ ಹಾಳು.

4. ಎಡಿಟಿಂಗ್

ಮೌನವನ್ನು ತಾನಾಗಿಯೇ ಕತ್ತರಿಸುವ ಪ್ಲಗಿನ್ ಇದ್ದರೆ ಆಫ್ ಮಾಡಿ. ನಾವು ಒಮ್ಮೆ ಮರೆತೆವು. ಕಷ್ಟಪಟ್ಟು ಇಟ್ಟಿದ್ದ ಬಿಡುವೆಲ್ಲ ಒಂದೇ ಕ್ಲಿಕ್ಕಿಗೆ ಹೋಯಿತು, ಸನ್ನೆಗಳೂ ಅರ್ಧಕ್ಕೇ ತುಂಡಾದವು. ಧ್ವನಿ ನಿಂತ ಕೂಡಲೇ ಕಟ್ ಮಾಡುವ ಅಭ್ಯಾಸವನ್ನೂ ಬಿಡಿ. ಕೈ ಕೆಳಗಿಳಿದ ಮೇಲೆ ಕಟ್ ಮಾಡಿ. ಚಾರ್ಟ್ ಬಂತೆಂದು ಚಿತ್ರವನ್ನು ಪೂರ್ತಿ ಪರದೆಗೆ ಹಿಗ್ಗಿಸಿ ಇಂಟರ್‌ಪ್ರಿಟರ್‌ರನ್ನು ಮುಚ್ಚಬೇಡಿ. ಅವರನ್ನು ಎಡಕ್ಕೆ ಹಾಕಲು ಕನ್ನಡಿಯಂತೆ ಫ್ಲಿಪ್ ಮಾಡುವುದಂತೂ ಬೇಡವೇ ಬೇಡ. ಎಡ ಬಲ ತಿರುಗಿ, ಬಲಗೈ ಎಡಗೈ ಆಗುತ್ತದೆ, ಸನ್ನೆಯಲ್ಲಿ ತೋರಿಸಿದ ದಿಕ್ಕೂ ಉಲ್ಟಾ ಆಗುತ್ತದೆ.

5. ಪರೀಕ್ಷೆ

ಮೊಬೈಲನ್ನು ತೋಳುದ್ದ ದೂರ ಹಿಡಿದು ನೋಡಿ, ಬೆರಳುಗಳು ಬಿಡಿಬಿಡಿಯಾಗಿ ಕಾಣಬೇಕು. ಆಮೇಲೆ ಸನ್ನೆ ಭಾಷೆಯಲ್ಲೇ ಮಾತಾಡುವವರೊಬ್ಬರಿಗೆ ಒಂದೇ ಸಲ ತೋರಿಸಿ. "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಸುಮ್ನೆ ಹೌದು ಅಂದುಬಿಡುತ್ತಾರೆ. ಎಷ್ಟು ನೀರು, ಎಷ್ಟು ಪುಡಿ, ಯಾವಾಗ ಚೆಲ್ಲಬೇಕು ಎಂದು ಕೇಳಿ. ನಮ್ಮ ಟೀಚರ್ ಎರಡನೇ ಆವೃತ್ತಿ ನೋಡಿ ಮೂರಕ್ಕೂ ಸರಿಯಾಗಿ ಉತ್ತರಿಸಿದರು. ಪ್ಯಾಕೆಟ್ಟಿನ ಬಣ್ಣ ಏನೆಂಬುದನ್ನೂ ಕೇಳದೆಯೇ ಹೇಳಿದರು.